ಒಂದು ಇನ್‌ಸ್ಟಾಲ್, ಇಬ್ಬರು ಹಕ್ಕುದಾರರು

ನಮ್ಮ ಕಂಪನಿ ಇಳಕಲ್ ಮತ್ತಿತರ ಕೈಮಗ್ಗದ ಸೀರೆಗಳನ್ನು ಆ್ಯಪ್ ಮೂಲಕ ಮಾರುತ್ತದೆ. ಜಾಹೀರಾತಿನ ಹಣವನ್ನು ಎಲ್ಲೆಲ್ಲಿ ಹಾಕಬೇಕೆಂದು ತೀರ್ಮಾನಿಸುವುದು ನನ್ನ ಕೆಲಸ. ತಿಂಗಳ ಕೊನೆಗೆ ಯಾವ ಜಾಹೀರಾತು ಜಾಲಕ್ಕೆ ಎಷ್ಟು ಕೊಡಬೇಕೆಂದು ಸಹಿ ಹಾಕುವವನೂ ನಾನೇ. ಯಾವ ಇನ್‌ಸ್ಟಾಲ್ ಯಾರ ಜಾಹೀರಾತಿನಿಂದ ಬಂತೆಂಬ ಲೆಕ್ಕ ಹೇಳುವ ಮೂರನೆಯವರನ್ನು ನಮ್ಮ ವೃತ್ತಿಯಲ್ಲಿ ಎಂಎಂಪಿ ಎನ್ನುತ್ತೇವೆ. ಆ್ಯಪ್ಸ್‌ಫ್ಲೈಯರ್, ಅಡ್ಜಸ್ಟ್, ಬ್ರಾಂಚ್, ಸಿಂಗ್ಯುಲರ್, ಕೊಚಾವಾ ಎಲ್ಲವೂ ಇದೇ ಕೆಲಸ ಮಾಡುವ ಕಂಪನಿಗಳು. ಜಾಹೀರಾತು ಮಾರುವವನೇ ತನ್ನ ಜಾಹೀರಾತಿನಿಂದ ಎಷ್ಟು ಇನ್‌ಸ್ಟಾಲ್ ಬಂತೆಂದು ಹೇಳಿದರೆ ಯಾರು ನಂಬುತ್ತಾರೆ? ಅದಕ್ಕಾಗಿ ಆ್ಯಪಿನೊಳಗೆ ಎಂಎಂಪಿಯ ಒಂದು ತುಣುಕು ಕೋಡ್ ಕೂತಿರುತ್ತದೆ. ಅದನ್ನು ಎಸ್‌ಡಿಕೆ ಎನ್ನುತ್ತಾರೆ.

ಈ ವ್ಯವಸ್ಥೆಯ ಒಳಸುಳಿ ನನಗೆ ಅರ್ಥವಾದದ್ದು ಯಾವುದೋ ವರದಿಯಿಂದಲ್ಲ, ಗ್ರಾಹಕ ಸೇವೆಗೆ ಬಂದ ದೂರುಗಳಿಂದ. ಇನ್‌ಸ್ಟಾಗ್ರಾಂನಲ್ಲಿ ನೇಕಾರರೊಬ್ಬರ ವಿಡಿಯೊ ಹಾಕಿಸಿದ್ದೆವು. ತೋಪು ತೆಣಿ ಸೆರಗಿನ ಒಂದು ಕೆಂಪು ಇಳಕಲ್ ಸೀರೆ, ಕೆಳಗೆ ಅದೇ ಸೀರೆಗೆ ಹೋಗುವ ಲಿಂಕ್. ಕೆಲವು ದಿನಗಳಲ್ಲೇ ಒಂದೇ ಬಗೆಯ ಕರೆಗಳು ಶುರುವಾದವು. ಗದಗಿನ ಗ್ರಾಹಕಿಯೊಬ್ಬರು ಹೇಳಿದ್ದು ನೆನಪಿದೆ: "ಆ ಕೆಂಪು ಸೀರೆ ಒತ್ತಿದೆನಪ್ಪ, ಆ್ಯಪ್ ತೆರೆದರೆ ಅರ್ಧ ಬೆಲೆಯ ಸಿಂಥೆಟಿಕ್ ಸೀರೆಗಳ ಪುಟ ಬಂತು. ನಾನು ಕೇಳಿದ್ದು ಅದಲ್ಲವಲ್ಲ."

ಮೊದಲು ಎಲ್ಲರ ಅನುಮಾನವೂ ಲಿಂಕ್‌ನ ಮೇಲೆಯೇ ಬಿತ್ತು. ಲಿಂಕ್ ಹೀಗಿತ್ತು:

```
https://example.onelink.me/aB1c
  ?pid=reel_kn
  &c=ilkal_video
  &deep_link_value=seere_4418
```

`pid` ಎಂದರೆ ಯಾರ ಮೂಲಕ ಬಂದದ್ದು, `c` ಎಂದರೆ ಯಾವ ಪ್ರಚಾರ, `deep_link_value` ಎಂದರೆ ಆ್ಯಪಿನೊಳಗೆ ಯಾವ ಪುಟ ತೆರೆಯಬೇಕು. ಜಾಹೀರಾತು ಜಾಲಗಳಿಗೆ ಕೊಡುವ ಲಿಂಕ್‌ನಲ್ಲಿ ಇವುಗಳ ಜೊತೆಗೆ `clickid` ಮತ್ತು `af_siteid` ಇರುತ್ತವೆ. ಪ್ರತಿ ಕ್ಲಿಕ್‌ಗೆ ಒಂದು ಗುರುತನ್ನೂ ಜಾಹೀರಾತು ಕಾಣಿಸಿಕೊಂಡ ತಾಣದ ಗುರುತನ್ನೂ ಅಲ್ಲಿ ಆ ಜಾಲವೇ ತುಂಬುತ್ತದೆ.

ಆ್ಯಪ್ ಈಗಾಗಲೇ ಇರುವ ಫೋನ್‌ನಲ್ಲಿ ಲಿಂಕ್ ನೇರವಾಗಿ ಆ್ಯಪನ್ನೇ ತೆರೆಯಬೇಕು. ಆಂಡ್ರಾಯ್ಡ್‌ನಲ್ಲಿ ಇದು ನಡೆಯಬೇಕಾದರೆ ಲಿಂಕ್‌ನ ಡೊಮೇನ್‌ನಲ್ಲಿ `assetlinks.json` ಎಂಬ ಕಡತವಿರಬೇಕು, ಅದರಲ್ಲಿ ಆ್ಯಪಿನ ಸಹಿ ಕೀಲಿಯ ಬೆರಳಚ್ಚು ಸರಿಯಾಗಿರಬೇಕು. ಬಹಳ ತಂಡಗಳು ಎಡವುವುದು ಇಲ್ಲೇ. ತಾವು ಅಪ್‌ಲೋಡ್ ಮಾಡಲು ಬಳಸುವ ಕೀಲಿಯ ಬೆರಳಚ್ಚನ್ನು ಹಾಕುತ್ತಾರೆ, ಆದರೆ ಗ್ರಾಹಕರ ಕೈಗೆ ಹೋಗುವ ಆ್ಯಪಿಗೆ ಪ್ಲೇ ಸ್ಟೋರ್ ಬೇರೆ ಕೀಲಿಯಿಂದ ಸಹಿ ಹಾಕಿರುತ್ತದೆ. ಆಂಡ್ರಾಯ್ಡ್ 12 ಅಥವಾ ಅದಕ್ಕಿಂತ ಹೊಸ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಈ ಆದೇಶ ಕೊಟ್ಟರೆ ಸಂಗತಿ ತಿಳಿಯುತ್ತದೆ:

```
adb shell pm get-app-links com.example.seere
```

ಡೊಮೇನ್‌ನ ಮುಂದೆ `verified` ಎಂದು ಬಂದರೆ ಸರಿಯಿದೆ. ನಮ್ಮದು ಸರಿಯಿತ್ತು. ಆಮೇಲೆ ಪರೀಕ್ಷೆಯ ಫೋನ್‌ನಿಂದ ಆ್ಯಪ್ ತೆಗೆದು, ವಿಡಿಯೊದ ಲಿಂಕ್ ಒತ್ತಿ, ಪ್ಲೇ ಸ್ಟೋರ್‌ನಿಂದ ಮತ್ತೆ ಹಾಕಿ ತೆರೆದೆವು. (ಹೀಗೆ ಪರೀಕ್ಷಿಸುವ ಫೋನನ್ನು ಎಂಎಂಪಿಯಲ್ಲಿ ಪರೀಕ್ಷಾ ಸಾಧನವೆಂದು ಮೊದಲೇ ನೋಂದಾಯಿಸಿರಬೇಕು. ಇಲ್ಲದಿದ್ದರೆ ಅದು ಹೊಸ ಗ್ರಾಹಕನೆಂದು ಎಣಿಕೆಯಾಗದೆ, ಪರೀಕ್ಷೆಯೇ ತಪ್ಪು ಉತ್ತರ ಕೊಡುತ್ತದೆ.) ಕೆಂಪು ಸೀರೆಯೇ ತೆರೆಯಿತು. ಲಿಂಕ್‌ನಲ್ಲಿ ದೋಷವಿರಲಿಲ್ಲ.

ಇಲ್ಲಿ ಸ್ವಲ್ಪ ನಿಂತು, ಆ್ಯಪ್ ಇಲ್ಲದ ಫೋನ್‌ನಲ್ಲಿ ಏನಾಗುತ್ತದೆ ಎಂದು ನೋಡಬೇಕು. ಲಿಂಕ್ ಒತ್ತಿದಾಗ ಅದು ಮೊದಲು ಎಂಎಂಪಿಯ ಸರ್ವರ್‌ಗೆ ಹೋಗುತ್ತದೆ, ಅಲ್ಲಿ ಕ್ಲಿಕ್‌ನ ಸಮಯ ದಾಖಲಾಗುತ್ತದೆ. ಅಲ್ಲಿಂದ ಪ್ಲೇ ಸ್ಟೋರ್‌ಗೆ ತಿರುಗುವಾಗ `referrer` ಎಂಬ ಬಾಲವೊಂದು ಲಿಂಕ್‌ಗೆ ಅಂಟಿಕೊಳ್ಳುತ್ತದೆ. ಪ್ಲೇ ಸ್ಟೋರ್ ಆ ಬಾಲವನ್ನು ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಗ್ರಾಹಕರು ಆ್ಯಪನ್ನು ಮೊದಲ ಸಲ ತೆರೆದಾಗ ಒಳಗಿನ ಎಸ್‌ಡಿಕೆ ಪ್ಲೇ ಸ್ಟೋರನ್ನು ಕೇಳುತ್ತದೆ: ಇವರು ಎಲ್ಲಿಂದ ಬಂದರು? ಉತ್ತರವಾಗಿ ಆ ಬಾಲದ ಜೊತೆ ಎರಡು ಸಮಯಗಳೂ ಬರುತ್ತವೆ. ಒಂದು ಕ್ಲಿಕ್‌ನದು, ಇನ್ನೊಂದು ಆ್ಯಪ್ ಇಳಿಯಲು ಶುರುವಾದದ್ದು. ಇದೆಲ್ಲವನ್ನೂ ಫೋನ್‌ನ ಜಾಹೀರಾತು ಗುರುತಿನೊಂದಿಗೆ ಎಸ್‌ಡಿಕೆ ಎಂಎಂಪಿಗೆ ಕಳುಹಿಸುತ್ತದೆ.

ಆಗ ಎಂಎಂಪಿ ಹಿಂದಕ್ಕೆ ತಿರುಗಿ ನೋಡುತ್ತದೆ. ಈ ಫೋನ್‌ಗೆ ಹೊಂದುವ ಕ್ಲಿಕ್‌ಗಳು ಯಾವುವು? ಸಾಮಾನ್ಯವಾಗಿ 7 ದಿನಗಳ ಒಳಗಿನ ಕ್ಲಿಕ್‌ಗಳನ್ನು ಪರಿಗಣಿಸುತ್ತದೆ, ಜಾಹೀರಾತನ್ನು ಒತ್ತದೆ ಬರೀ ನೋಡಿದವರಿಗೆ 1 ದಿನ. ಅವುಗಳಲ್ಲಿ ಕೊನೆಯ ಕ್ಲಿಕ್ ಯಾರದೋ ಪೂರ್ತಿ ಇನ್‌ಸ್ಟಾಲ್ ಅವರ ಖಾತೆಗೆ. ಅದಕ್ಕೆ ಮುಂಚೆ ಕ್ಲಿಕ್ ತಂದವರ ಹೆಸರು 'ನೆರವಾದವರು' ಎಂಬ ಕಲಂನಲ್ಲಿ ಉಳಿಯುತ್ತದೆ, ಹಣ ಮಾತ್ರ ಸಿಗುವುದಿಲ್ಲ. ಗೂಗಲ್, ಮೆಟಾ ತರಹದ ದೊಡ್ಡವರು ಕ್ಲಿಕ್‌ಗಳನ್ನು ಮೊದಲೇ ಕೊಡುವುದಿಲ್ಲ. ಎಂಎಂಪಿ ಕೇಳಿದಾಗ "ಹೌದು, ನಮ್ಮಲ್ಲಿ ಇಷ್ಟು ಹೊತ್ತಿಗೆ ಒತ್ತಿದ್ದಾರೆ" ಎಂದು ತಾವೇ ಹೇಳಿಕೊಳ್ಳುತ್ತಾರೆ. ಅದೂ ಇದೇ ಸಾಲಿಗೆ ಸೇರುತ್ತದೆ.

ಪುಟದ ತೀರ್ಮಾನವೂ ನಮ್ಮ ಆ್ಯಪಿನಲ್ಲಿ ಇದೇ ಉತ್ತರದಿಂದ ಆಗುತ್ತಿತ್ತು. ಹೊಸ ಗ್ರಾಹಕರಿಗೆ, ಇನ್‌ಸ್ಟಾಲ್ ಯಾರ ಖಾತೆಗೆ ಹೋಯಿತೋ ಅವರ ಲಿಂಕ್‌ನ `deep_link_value` ತೆರೆಯುತ್ತಿತ್ತು. ಹಾಗಾದರೆ ಗದಗಿನ ಗ್ರಾಹಕಿಗೆ ಬೇರೆ ಪುಟ ಬಂದದ್ದಕ್ಕೆ ಒಂದೇ ಅರ್ಥ: ಅವರ ಇನ್‌ಸ್ಟಾಲನ್ನು ಬೇರೆ ಯಾರೋ ತಮ್ಮದಾಗಿಸಿಕೊಂಡಿದ್ದಾರೆ.

ಡ್ಯಾಶ್‌ಬೋರ್ಡ್‌ನ ಮೊತ್ತಗಳಲ್ಲಿ ಇದು ಕಾಣುವುದಿಲ್ಲ. ಒಂದೊಂದು ಇನ್‌ಸ್ಟಾಲ್‌ಗೆ ಒಂದು ಸಾಲಿರುವ ಕಚ್ಚಾ ವರದಿಯನ್ನು ಇಳಿಸಿಕೊಳ್ಳಬೇಕು. ಅವರ ಆರ್ಡರ್ ಇಲ್ಲದಿದ್ದರೂ ಬಳಕೆದಾರರ ಗುರುತು ನಮ್ಮಲ್ಲಿತ್ತು, ಅದರಿಂದ ಸಾಲು ಸಿಕ್ಕಿತು. ಜಾಲದ ಹೆಸರು ಬದಲಿಸಿ, ಬೇಕಾದ ಕಲಂಗಳನ್ನಷ್ಟೇ ಕೊಡುತ್ತೇನೆ. ಕಚ್ಚಾ ವರದಿಯ ಸಮಯ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ, ಇಲ್ಲಿ ನಮ್ಮ ಗಡಿಯಾರಕ್ಕೆ ತಂದಿದ್ದೇನೆ.

```
Google Play Click Time           09:14:02
Google Play Install Begin Time   09:14:40
Attributed Touch Time            09:15:31
Install Time                     09:16:05
Media Source                     xyz_int
Contributor 1 Media Source       reel_kn
```

ಗ್ರಾಹಕಿ 9:14:02ಕ್ಕೆ ವಿಡಿಯೊದ ಲಿಂಕ್ ಒತ್ತಿದ್ದಾರೆ. 38 ಸೆಕೆಂಡುಗಳ ನಂತರ ಆ್ಯಪ್ ಇಳಿಯಲು ಶುರುವಾಗಿದೆ. ಅದು ಇಳಿಯುತ್ತಿರುವಾಗಲೇ, 9:15:31ಕ್ಕೆ, `xyz_int` ಎಂಬ ಜಾಲದ ಕ್ಲಿಕ್ ಬಂದಿದೆ. 9:16:05ಕ್ಕೆ ಆ್ಯಪ್ ತೆರೆದಿದ್ದಾರೆ. `Install Time` ಎಂದರೆ ಈ ಮೊದಲ ತೆರೆಯುವಿಕೆ, ಡೌನ್‌ಲೋಡ್ ಅಲ್ಲ. ಇಳಿಯಲು ಶುರುವಾದದ್ದಕ್ಕೂ ತೆರೆದದ್ದಕ್ಕೂ ನಡುವಿನ ಸುಮಾರು ಒಂದೂವರೆ ನಿಮಿಷದ ಸಂದಿಯೇ ಕಳ್ಳದಾರಿ. ಈಗಾಗಲೇ ಇಳಿಯುತ್ತಿರುವ ಆ್ಯಪಿಗಾಗಿ ಯಾರಾದರೂ ಇನ್ನೊಂದು ಜಾಹೀರಾತನ್ನು ಹುಡುಕಿ ಒತ್ತುತ್ತಾರೆಯೇ? ನಿಜವಾಗಿ ಆಗುವುದು ಇಷ್ಟು: ಫೋನ್‌ನಲ್ಲಿ ಮೊದಲೇ ಇರುವ ಟಾರ್ಚ್, ವಾಲ್‌ಪೇಪರ್ ತರಹದ ಒಂದು ಆ್ಯಪ್ ಹೊಸ ಆ್ಯಪ್ ಬರುತ್ತಿರುವುದನ್ನು ಗಮನಿಸುತ್ತದೆ, ಬಳಕೆದಾರರಿಗೆ ತಿಳಿಯದಂತೆ ಜಾಲದ ಲಿಂಕ್ ಅನ್ನು ಹಿನ್ನೆಲೆಯಲ್ಲಿ ಒತ್ತಿಬಿಡುತ್ತದೆ. ಕೊನೆಯ ಕ್ಲಿಕ್‌ಗೆ ಪೂರ್ತಿ ಹಣ ಎಂಬ ನಿಯಮವಿರುವವರೆಗೆ ಅದಕ್ಕೆ ಇಷ್ಟೇ ಸಾಕು. ನಮ್ಮ ವೃತ್ತಿಯಲ್ಲಿ ಇದಕ್ಕೆ ಕ್ಲಿಕ್ ಇಂಜೆಕ್ಷನ್ ಎನ್ನುತ್ತಾರೆ.

ಆ ಜಾಲದ ಎಲ್ಲ ಸಾಲುಗಳಲ್ಲೂ ಕ್ಲಿಕ್ ಸಮಯದಿಂದ ಇಳಿಯಲು ಶುರುವಾದ ಸಮಯವನ್ನು ಕಳೆದೆ. ಕ್ಲಿಕ್ ನಂತರ ಬಂದಿದ್ದರೆ ಉತ್ತರ ಧನಾತ್ಮಕ, ಅಂದರೆ ಅಸಾಧ್ಯದ ಕ್ಲಿಕ್. ಅಂಥವುಗಳನ್ನು `af_siteid` ಪ್ರಕಾರ ಗುಂಪು ಮಾಡಿದಾಗ ಹೆಚ್ಚಿನವು ಬೆರಳೆಣಿಕೆಯ ತಾಣಗಳಿಂದಲೇ ಬಂದಿದ್ದವು. ಜಾಲದ ಪ್ರತಿನಿಧಿಗೆ ಕಡತ ಕಳುಹಿಸಿದೆ. "ಸರ್, ಆ ತಾಣಗಳನ್ನು ಈಗಲೇ ನಿಲ್ಲಿಸುತ್ತೇವೆ" ಎಂದರು. ಹಣದ ವಿಷಯಕ್ಕೆ ಬಂದಾಗ ಮಾತ್ರ ನಮ್ಮ ಕರಾರಿನಲ್ಲಿ ಅದಕ್ಕೆ ಷರತ್ತಿಲ್ಲ ಎಂದರು. ಈಗ ನಾನು ಸಹಿ ಹಾಕುವ ಪ್ರತಿ ಕರಾರಿನಲ್ಲೂ ಆ ಸಾಲಿರುತ್ತದೆ: ಆ್ಯಪ್ ಇಳಿಯಲು ಶುರುವಾದ ನಂತರದ ಕ್ಲಿಕ್‌ಗೆ ಹಣವಿಲ್ಲ, ತಾಣದ ಗುರುತನ್ನು ಮರೆಮಾಚುವಂತಿಲ್ಲ. ಎಂಎಂಪಿಗಳು ಇಂಥ ಕ್ಲಿಕ್‌ಗಳನ್ನು ತಾವೇ ತಡೆಯುವ ಸೌಲಭ್ಯ ಮಾರುತ್ತವೆ. ಅದನ್ನು ಕೊಂಡರೂ ಈ ಕಳೆಯುವ ಲೆಕ್ಕವನ್ನು ತಿಂಗಳಿಗೊಮ್ಮೆ ಕೈಯಾರೆ ಮಾಡುವುದು ನನ್ನ ಪದ್ಧತಿ. ಪುಟ ತೆರೆಯುವ ಕ್ರಮವನ್ನೂ ಬದಲಿಸಿದೆವು. ಪ್ಲೇ ಸ್ಟೋರ್ ಕೊಡುವ ಬಾಲದಲ್ಲಿ ಸೀರೆಯ ಗುರುತಿದ್ದರೆ ಮೊದಲು ಅದಕ್ಕೆ ಮನ್ನಣೆ. ಹಣ ಯಾರಿಗೆ ಎಂಬ ಜಗಳದಲ್ಲಿ ಗ್ರಾಹಕರು ತಪ್ಪು ಪುಟಕ್ಕೆ ಹೋಗಬೇಕಾಗಿಲ್ಲ.

ಐಫೋನ್‌ನಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಪ್ಲೇ ಸ್ಟೋರ್‌ನಂತೆ ಬಾಲ ಕೊಡುವವರಿಲ್ಲ. 2021ರ ಐಒಎಸ್ 14.5ರಿಂದ ಜಾಹೀರಾತು ಗುರುತಿಗೆ ಬಳಕೆದಾರರ ಅನುಮತಿ ಬೇಕು. ಅನುಮತಿ ಕೊಡದವರ ಇನ್‌ಸ್ಟಾಲ್‌ಗಳ ಲೆಕ್ಕವನ್ನು ಆ್ಯಪಲ್‌ನ ಎಸ್‌ಕೆಆ್ಯಡ್‌ನೆಟ್‌ವರ್ಕ್ ತಡಮಾಡಿ, ಯಾವ ವ್ಯಕ್ತಿಯೆಂದು ಹೇಳದೆ ಕೊಡುತ್ತದೆ. ಅಲ್ಲಿ ಸೆಕೆಂಡು ಎಣಿಸುವ ಮಾತೇ ಇಲ್ಲ.

ಆಂಡ್ರಾಯ್ಡ್‌ನಲ್ಲೂ ಈ ಗಡಿಯಾರಕ್ಕೆ ಸಿಗದ ಇನ್ನೊಂದು ಜಾತಿಯ ಮೋಸವಿದೆ. ಕೆಲವು ತಾಣಗಳು ಕಂಡಕಂಡ ಫೋನ್‌ಗಳ ಹೆಸರಿನಲ್ಲಿ ಹಗಲಿರುಳು ಕ್ಲಿಕ್ ಕಳುಹಿಸುತ್ತಲೇ ಇರುತ್ತವೆ. ಮುಂದಿನ 7 ದಿನಗಳಲ್ಲಿ ಅವರಲ್ಲಿ ಯಾರಾದರೂ ತಾವಾಗಿಯೇ ನಮ್ಮ ಆ್ಯಪ್ ಹಾಕಿಕೊಂಡರೆ ಲಾಟರಿ ಹೊಡೆದಂತೆ. ಇಲ್ಲಿ ಕ್ಲಿಕ್ ಮೊದಲು, ಇನ್‌ಸ್ಟಾಲ್ ಆಮೇಲೆ, ಹಾಗಾಗಿ ಯಾವ ಒಂದು ಸಾಲೂ ಸುಳ್ಳೆನಿಸುವುದಿಲ್ಲ. ಸಾವಿರಾರು ಸಾಲುಗಳನ್ನು ಒಟ್ಟಿಗೆ ನೋಡಬೇಕು. ನಿಜವಾಗಿ ಒತ್ತಿದವರಲ್ಲಿ ಹೆಚ್ಚಿನವರು ಮೊದಲ ಗಂಟೆಯೊಳಗೇ ಆ್ಯಪ್ ತೆರೆದಿರುತ್ತಾರೆ, ಆಮೇಲೆ ಸಂಖ್ಯೆ ಬೇಗ ಇಳಿಯುತ್ತದೆ. ಈ ತಾಣಗಳಲ್ಲಿ ಮೊದಲ ದಿನಕ್ಕೂ ಐದನೆಯ ದಿನಕ್ಕೂ ಹೆಚ್ಚು ವ್ಯತ್ಯಾಸವಿರುವುದಿಲ್ಲ, ರೇಖೆ ಚಪ್ಪಟೆಯಾಗಿ ಹರಿಯುತ್ತದೆ. ಕ್ಲಿಕ್‌ಗಳ ರಾಶಿಗೆ ಹೋಲಿಸಿದರೆ ಇನ್‌ಸ್ಟಾಲ್ ನಗಣ್ಯ.

ಅಂಥ ಜಾಲದ ಲಿಂಕ್‌ನಲ್ಲಿ `af_click_lookback=1d` ಎಂದು ಹಾಕಿ ಅವಧಿಯನ್ನು ಒಂದು ದಿನಕ್ಕೆ ಇಳಿಸುತ್ತೇನೆ. ಆಗಲೂ ಅನುಮಾನ ಉಳಿದರೆ, ಆ ಜಾಲವನ್ನು ಎರಡು ವಾರ ಪೂರ್ತಿ ನಿಲ್ಲಿಸಿ, ಯಾವ ಜಾಹೀರಾತಿಗೂ ಸೇರದ ಇನ್‌ಸ್ಟಾಲ್‌ಗಳನ್ನು ನೋಡುತ್ತೇನೆ. ಜಾಲ ಕಳೆದುಕೊಂಡಷ್ಟೇ ಅಲ್ಲಿ ಏರಿ, ಒಟ್ಟು ಮೊತ್ತ ಹೆಚ್ಚುಕಡಿಮೆ ಅಲ್ಲೇ ನಿಂತರೆ, ಅವರು ತಂದದ್ದು ಏನೂ ಇರಲಿಲ್ಲ ಎಂದು ಗೊತ್ತಾಗುತ್ತದೆ. ಈ ಪರೀಕ್ಷೆಯನ್ನು ದಸರಾ, ದೀಪಾವಳಿಯ ಆಸುಪಾಸಿನಲ್ಲಿ ಮಾಡುವಂತಿಲ್ಲ. ಸೀರೆ ವ್ಯಾಪಾರದಲ್ಲಿ ಆ ವಾರಗಳಲ್ಲಿ ಎಲ್ಲ ಸಂಖ್ಯೆಗಳೂ ತಾವಾಗಿಯೇ ಏರುತ್ತವೆ, ನಿಲ್ಲಿಸಿದ್ದರ ಪರಿಣಾಮ ಯಾವುದು, ಹಬ್ಬದ್ದು ಯಾವುದು ಎಂದು ಬೇರ್ಪಡಿಸಲು ಆಗುವುದಿಲ್ಲ. ನಾನು ಸಾಮಾನ್ಯವಾಗಿ ಆಷಾಢವನ್ನು ಆರಿಸಿಕೊಳ್ಳುತ್ತೇನೆ.