ತಿಂಗಳ ಬಿಲ್ಲುಗಳನ್ನು ಸಿಎಗೆ ಕಳಿಸುವ ಮುನ್ನ ಅರ್ಧ ಗಂಟೆ

ಕಲಬುರಗಿಯ ನೆಹರೂ ಗಂಜ್‌ನಲ್ಲಿ ತಿಂಗಳ ಮೊದಲ ವಾರ ಅಂದರೆ ಒಂದೇ ಮಾತು: ‘ಡೇಟಾ ಕಳಿಸಿದ್ರೇನು?’ ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಹಿಂದಿನ ತಿಂಗಳ ಮಾರಾಟದ ಫೈಲ್ ತೆಗೆದು ಸಿಎ ಆಫೀಸಿಗೆ ಕಳಿಸಬೇಕು. ಪ್ರತಿ ತಿಂಗಳು ರಿಟರ್ನ್ ತುಂಬುವವರಿಗೆ ಜಿಎಸ್‌ಟಿಆರ್‌-1ರ ಕೊನೆಯ ದಿನ ಮುಂದಿನ ತಿಂಗಳ 11. ಅದರ ಆಧಾರದ ಮೇಲೆ 14ಕ್ಕೆ ನಮ್ಮ ಗಿರಾಕಿಯ ಜಿಎಸ್‌ಟಿಆರ್‌-2ಬಿ ತಯಾರಾಗುತ್ತದೆ. ನಮ್ಮ ಫೈಲಿನಲ್ಲಿ ಬಿಟ್ಟುಹೋದ ಬಿಲ್ಲು ಅಲ್ಲಿ ಕಾಣುವುದಿಲ್ಲ. ಕಾಣದಿದ್ದರೆ ಆ ತೆರಿಗೆಯನ್ನು ಅವರು ಜಮೆ ತೆಗೆದುಕೊಳ್ಳುವಂತಿಲ್ಲ. ಆಗ ಸೊಲ್ಲಾಪುರದಿಂದ ಫೋನ್ ಬರುವುದು ಸಿಎಗಲ್ಲ, ಅಂಗಡಿಗೆ.

ಹೆಚ್ಚಿನವರು ಫೈಲ್ ತೆಗೆದ ಕೂಡಲೇ ಕಳಿಸಿಬಿಡುತ್ತಾರೆ. ತಪ್ಪಿದ್ದರೆ ಸಿಎ ನೋಡಿಕೊಳ್ಳುತ್ತಾರೆ ಎಂಬ ಭರವಸೆ. ಆದರೆ 19ನೇ ತಾರೀಖು ಯಾವ ಗಾಡಿ ಎಲ್ಲಿಗೆ ಹೋಯಿತು ಎಂಬುದು ಸಿಎಗೆ ಹೇಗೆ ಗೊತ್ತಾಗಬೇಕು? ಅದು ಗೊತ್ತಿರುವುದು ಅಂಗಡಿಯಲ್ಲಿ ಕೂತವರಿಗೆ. ಹಾಗಾಗಿ ತಪಾಸಣೆ ಅಂಗಡಿಯಲ್ಲೇ ಆಗಬೇಕು. ನಾನು ಲೆಕ್ಕ ನೋಡುವ ಒಂದು ಬೇಳೆ ಅಂಗಡಿಯ ಜೂನ್ ತಿಂಗಳ ಫೈಲನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಈ ಅಂಗಡಿಯ ವಾರ್ಷಿಕ ವಹಿವಾಟು 5 ಕೋಟಿಯೊಳಗೆ, ಇ-ಇನ್‌ವಾಯ್ಸ್ ಇಲ್ಲ. 25 ಕೆಜಿ ಅಥವಾ ಅದಕ್ಕಿಂತ ಕಡಿಮೆ ತೂಕದ, ಲೇಬಲ್ ಹಚ್ಚಿದ ತೊಗರಿ ಬೇಳೆ ಪ್ಯಾಕೆಟ್‌ಗಳಿಗೆ ಶೇ 5 ತೆರಿಗೆ. ತೆರಿಗೆ ಇಲ್ಲದ ಬಿಡಿ ಬೇಳೆಗೆ ಬೇರೆ ಸರಣಿಯ ಬಿಲ್ ಆಫ್ ಸಪ್ಲೈ ಇದೆ, ಅದನ್ನು ಇಲ್ಲಿ ತರುವುದಿಲ್ಲ.

ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ

ಸಾಫ್ಟ್‌ವೇರ್‌ನಲ್ಲಿ ಮಾರಾಟ ರಿಜಿಸ್ಟರ್ ತೆರೆದು, ತಿಂಗಳ ಮೊದಲ ದಿನದಿಂದ ಕೊನೆಯ ದಿನದವರೆಗೆ ಆರಿಸಿ, ಸಿಎಸ್‌ವಿ ರೂಪದಲ್ಲಿ ತೆಗೆಯಿರಿ. ಇಲ್ಲಿಯವರೆಗೆ ಕಷ್ಟವಿಲ್ಲ. ಕೆಡುವುದು ಮುಂದಿನ ಹೆಜ್ಜೆಯಲ್ಲಿ.

ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿದರೆ ಎಕ್ಸೆಲ್ ತನಗೆ ತೋಚಿದಂತೆ ಅರ್ಥ ಮಾಡಿಕೊಳ್ಳುತ್ತದೆ. ತೊಗರಿ ಬೇಳೆಯ ಎಚ್‌ಎಸ್‌ಎನ್ 0713. ಎಕ್ಸೆಲ್ ಅದನ್ನು ಅಂಕಿ ಎಂದು ತಿಳಿದು ಮುಂದಿನ ಸೊನ್ನೆ ಹಾರಿಸಿ 713 ಮಾಡುತ್ತದೆ. ಬೇಳೆ ವ್ಯಾಪಾರದವರಿಗೆಲ್ಲ ಇದು ತಪ್ಪದೆ ಕಾಡುವ ತೊಂದರೆ.

ತಾರೀಖಿನ ತೊಂದರೆ ಇನ್ನೂ ಗುಪ್ತವಾದದ್ದು. ಕಂಪ್ಯೂಟರ್‌ನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಿದ್ದರೆ 05-06 ಅನ್ನು ಅದು ಜೂನ್ 5 ಎಂದು ಓದುವುದಿಲ್ಲ, ಮೇ 6 ಎಂದು ಓದುತ್ತದೆ. 13ರಿಂದ ಮುಂದಿನ ತಾರೀಖುಗಳನ್ನು ಹಾಗೆ ತಿರುಗಿಸಲಾಗದು, 13ನೇ ತಿಂಗಳಿಲ್ಲವಲ್ಲ. ಅವನ್ನು ಬರೀ ಅಕ್ಷರ ಎಂದು ಬಿಟ್ಟುಬಿಡುತ್ತದೆ. ಇದನ್ನು ಕಣ್ಣಿನಿಂದಲೇ ಹಿಡಿಯಬಹುದು: ತಾರೀಖಿನ ಕಾಲಂನಲ್ಲಿ ತಿಂಗಳ ಮೊದಲ 12 ದಿನ ಬಲಕ್ಕೆ ಅಂಟಿಕೊಂಡಿರುತ್ತವೆ, ಉಳಿದವು ಎಡಕ್ಕೆ. ಹಾಗೆ ಕಂಡರೆ ಆ ಶೀಟನ್ನು ಉಳಿಸದೆ ಮುಚ್ಚಿ.

ಸರಿಯಾದ ದಾರಿ ಇದು. ಖಾಲಿ ಎಕ್ಸೆಲ್ ತೆರೆದು `Data > From Text/CSV` ಆರಿಸಿ, ಫೈಲ್ ತೋರಿಸಿ, `Transform Data` ಒತ್ತಿ. ಬಿಲ್ ನಂಬರ್, ತಾರೀಖು, ಎಚ್‌ಎಸ್‌ಎನ್ ಕಾಲಂಗಳ ಮಾದರಿಯನ್ನು `Text` ಎಂದು ಬದಲಿಸಿ. ಆಗ ಒಂದು ಪ್ರಶ್ನೆ ಬರುತ್ತದೆ. ಅದಕ್ಕೆ `Replace current` ಎಂದೇ ಉತ್ತರಿಸಿ. `Add new step` ಒತ್ತಿದರೆ ಸೊನ್ನೆ ಹಾರಿಹೋದ ಮೇಲಿನ 713 ಅಕ್ಷರವಾಗುತ್ತದೆ ಅಷ್ಟೆ, ಸೊನ್ನೆ ಮರಳಿ ಬರುವುದಿಲ್ಲ. ಕೊನೆಗೆ `Close & Load`. ಮೂಲ ಸಿಎಸ್‌ವಿಯನ್ನು ಮುಟ್ಟದೆ ಹಾಗೇ ಇಟ್ಟಿರಿ.

ನಮ್ಮ ಶೀಟಿನ ಕಾಲಂಗಳು ಹೀಗಿವೆ: ಎ ಬಿಲ್ ನಂಬರ್, ಬಿ ತಾರೀಖು, ಸಿ ಗಿರಾಕಿಯ ಜಿಎಸ್‌ಟಿ ನಂಬರ್, ಡಿ ರಾಜ್ಯದ ಎರಡಂಕಿಯಿಂದ ಶುರುವಾಗುವ ಪೂರೈಕೆಯ ಸ್ಥಳ, ಇ ಎಚ್‌ಎಸ್‌ಎನ್, ಎಫ್ ತೆರಿಗೆ ದರ, ಜಿ ತೆರಿಗೆಗೆ ಒಳಪಡುವ ಮೌಲ್ಯ, ಎಚ್ ಐಜಿಎಸ್‌ಟಿ, ಐ ಸಿಜಿಎಸ್‌ಟಿ, ಜೆ ಎಸ್‌ಜಿಎಸ್‌ಟಿ. ನಿಮ್ಮಲ್ಲಿ ಕ್ರಮ ಬೇರೆ ಇದ್ದರೆ ಸೂತ್ರದಲ್ಲಿ ಅಕ್ಷರ ಬದಲಿಸಿಕೊಳ್ಳಿ.

ಸರಣಿ ಎಲ್ಲಿ ಹರಿದಿದೆ?

ಮೊದಲು ಬಿಲ್ ನಂಬರ್ ಪ್ರಕಾರ ಸಾಲು ಜೋಡಿಸಿ. ನಂಬರಿನ ಕೊನೆಯ ನಾಲ್ಕು ಅಂಕಿಗಳೇ ಸರಣಿಯಾಗಿದ್ದರೆ, ಮೂರನೇ ಸಾಲಿನಿಂದ ಕೆಳಗೆ ಈ ಸೂತ್ರ ಎಳೆಯಿರಿ:

```
=VALUE(RIGHT(A3,4))-VALUE(RIGHT(A2,4))
```

1 ಬಂದರೆ ಮುಂದಿನ ಬಿಲ್ಲು ಸರಿಯಾಗಿ ಬಂದಿದೆ. ಒಂದೇ ಬಿಲ್ಲಿನ ಎರಡನೇ ಸಾಲಾದರೆ 0 ಬರುತ್ತದೆ. 2 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನಡುವೆ ಬಿಲ್ಲು ಇಲ್ಲ ಎಂದರ್ಥ.

ಜೂನ್‌ನಲ್ಲಿ ಅಂಗಡಿಯ ಸರಣಿ 0301ರಿಂದ 0418ರವರೆಗೆ, ಒಟ್ಟು 118 ನಂಬರ್. ಸೂತ್ರ ಮೂರು ಕಡೆ 2 ತೋರಿಸಿತು. ಅವುಗಳಲ್ಲಿ ಎರಡು ರದ್ದಾದ ಬಿಲ್ಲುಗಳು. ಅಡ್ಡಗೆರೆ ಎಳೆದ ಪ್ರತಿಗಳು ಅಂಗಡಿಯ ಕಾಗದದ ಫೈಲಿನಲ್ಲಿದ್ದವು. ಮೂರನೆಯದು 0365. ಅದರ ರದ್ದು ಪ್ರತಿ ಎಲ್ಲೂ ಇರಲಿಲ್ಲ.

‘ಮಾಲು ಹೋಗ್ಯಾದ್ರಿ ಸಾವಕಾರ್ರ, ಹಮಾಲರ ಚೀಟಿ ಐತಿ’ ಎಂದ ಬಿಲ್ ಮಾಡುವ ಹುಡುಗ. ಸಾಫ್ಟ್‌ವೇರ್‌ನಲ್ಲಿ ಆ ನಂಬರ್ ಹುಡುಕಿದಾಗ ಸಿಕ್ಕಿತು. 0364 ಮತ್ತು 0366 ಎರಡೂ 19-06ರವು, ನಡುವಿನ 0365 ಮಾತ್ರ 19-07. ತಿಂಗಳ ಜಾಗದಲ್ಲಿ 6ರ ಬದಲು 7 ಬಿದ್ದಿತ್ತು. ಜೂನ್ ಎಂದು ಆರಿಸಿ ತೆಗೆದ ಫೈಲಿಗೆ ಅದು ಬರುವ ಮಾತೇ ಇಲ್ಲ. ಮೊತ್ತ ತಾಳೆ ನೋಡಿದ್ದರೆ ಇದು ಸಿಗುತ್ತಿರಲಿಲ್ಲ, ಏಕೆಂದರೆ ಸಾಫ್ಟ್‌ವೇರ್‌ನ ಜೂನ್ ಮೊತ್ತದಲ್ಲೂ ಆ ಬಿಲ್ಲು ಇರಲಿಲ್ಲ. ಎರಡೂ ಕಡೆ ಒಂದೇ ತಪ್ಪು ಇದ್ದಾಗ ಮೊತ್ತ ತಾಳೆಯಾಗುತ್ತದೆ. ಅದಕ್ಕೇ ನಾನು ಮೊತ್ತಕ್ಕಿಂತ ಮೊದಲು ಸರಣಿ ನೋಡುವುದು. ರದ್ದಾದ ನಂಬರ್‌ಗಳ ಪಟ್ಟಿಯನ್ನೂ ಇಲ್ಲೇ ಬರೆದಿಟ್ಟುಕೊಳ್ಳಿ. ಎಷ್ಟು ಬಿಲ್ಲು ಕೊಟ್ಟಿರಿ, ಎಷ್ಟು ರದ್ದಾದವು ಎಂಬುದನ್ನು ಜಿಎಸ್‌ಟಿಆರ್‌-1ರಲ್ಲಿ ತುಂಬಬೇಕು.

ಲೆಕ್ಕ ಸರಿ, ತೆರಿಗೆ ತಪ್ಪು

ಗಡಿ ಜಿಲ್ಲೆಗಳ ವ್ಯಾಪಾರಿಗಳು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ಬೀದರ್‌ನಿಂದ ಜಹೀರಾಬಾದ್, ಕಲಬುರಗಿಯಿಂದ ತಾಂಡೂರು, ಸೊಲ್ಲಾಪುರ ಎಲ್ಲ ದಿನದ ವ್ಯವಹಾರದ ಊರುಗಳು. ನಮಗೆ ಅವು ನೆರೆಯೂರು, ಜಿಎಸ್‌ಟಿಗೆ ಬೇರೆ ರಾಜ್ಯ. ಜಿಎಸ್‌ಟಿ ನಂಬರ್ 15 ಅಕ್ಷರಗಳದ್ದು, ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕ 29, ತೆಲಂಗಾಣ 36, ಮಹಾರಾಷ್ಟ್ರ 27. ನಂಬರ್ ಉದ್ದ, ಗುಣಾಕಾರ, ತೆರಿಗೆಯ ಬಗೆ, ರಾಜ್ಯ ಈ ನಾಲ್ಕನ್ನೂ ಪಕ್ಕದ ಕಾಲಂಗಳಲ್ಲಿ ಒಂದೊಂದಾಗಿ ನೋಡಿ:

```
=IF(C2="",TRUE,LEN(C2)=15)
=ROUND(G2*F2/100-(H2+I2+J2),2)
=IF(LEFT(D2,2)="29",H2=0,I2+J2=0)
=IF(C2="",TRUE,LEFT(C2,2)=LEFT(D2,2))
```

ಎರಡನೆಯದರಲ್ಲಿ ಕೆಲವು ಪೈಸೆ ವ್ಯತ್ಯಾಸ ಬಂದರೆ ಚಿಂತೆ ಬೇಡ, ಅದು ದುಂಡು ಮಾಡಿದ್ದರಿಂದ ಬಂದದ್ದು. ಒಂದು ರೂಪಾಯಿ ದಾಟಿದರೆ ಬಿಲ್ಲು ತೆಗೆದು ನೋಡಿ. ಉಳಿದ ಮೂರರಲ್ಲಿ `FALSE` ಬಂದ ಸಾಲು ನೋಡಬೇಕು.

ಜೂನ್ ಫೈಲಿನಲ್ಲಿ ಒಂದು ಸಾಲು ಮೊದಲ ಮೂರನ್ನೂ ದಾಟಿ ನಾಲ್ಕನೆಯದರಲ್ಲಿ ಸಿಕ್ಕಿಬಿತ್ತು. ಜಹೀರಾಬಾದ್‌ನ ಹೊಸ ಗಿರಾಕಿ. 25 ಕೆಜಿಯ 30 ಚೀಲ, ಕೆಜಿಗೆ 112 ರೂಪಾಯಿಯಂತೆ 84,000. ತೆರಿಗೆ 2,100 ಸಿಜಿಎಸ್‌ಟಿ, 2,100 ಎಸ್‌ಜಿಎಸ್‌ಟಿ. ಗುಣಾಕಾರ ಸರಿ. ಪೂರೈಕೆಯ ಸ್ಥಳ ಕರ್ನಾಟಕ ಎಂದಿತ್ತು, ಕರ್ನಾಟಕಕ್ಕೆ ಈ ಎರಡು ತೆರಿಗೆಯೇ ಸರಿ. ಆದರೆ ಗಿರಾಕಿಯ ನಂಬರ್ 36ರಿಂದ ಶುರುವಾಗಿತ್ತು, ಮಾಲು ಇಳಿದದ್ದೂ ಜಹೀರಾಬಾದ್‌ನಲ್ಲಿ. ಹೊಸ ಪಾರ್ಟಿಯನ್ನು ಸೇರಿಸುವಾಗ ರಾಜ್ಯದ ಜಾಗದಲ್ಲಿ ಮೊದಲೇ ಕೂತಿದ್ದ ಕರ್ನಾಟಕವನ್ನು ಬದಲಿಸಿರಲಿಲ್ಲ. ಬೀಳಬೇಕಾದದ್ದು 4,200 ರೂಪಾಯಿ ಐಜಿಎಸ್‌ಟಿ.

ಒಟ್ಟು ಅದೇ 4,200 ಅಲ್ಲವೇ ಎನ್ನಬಹುದು. ಆದರೆ ನಮ್ಮ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿಯನ್ನು ತೆಲಂಗಾಣದ ಗಿರಾಕಿ ಜಮೆ ಪಡೆಯಲಾರ. ನಾವೋ ತೆರಿಗೆ ಕಟ್ಟಿದ ಮೇಲೆ ಎಚ್ಚೆತ್ತರೆ ಐಜಿಎಸ್‌ಟಿಯನ್ನು ಮತ್ತೆ ಕಟ್ಟಿ, ತಪ್ಪಾಗಿ ಕಟ್ಟಿದ್ದಕ್ಕೆ ರೀಫಂಡ್ ಅರ್ಜಿ ಹಾಕಬೇಕು.

ತಿದ್ದುವುದು ಎಲ್ಲಿ?

ಶೀಟಿನಲ್ಲಿ ಅಲ್ಲ. ಇದೊಂದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಶೀಟಿನಲ್ಲಿ 36 ಎಂದು ತಿದ್ದಿ ಕಳಿಸಿದರೆ ರಿಟರ್ನ್ ಒಂದು ಹೇಳುತ್ತದೆ, ಅಂಗಡಿಯ ಪುಸ್ತಕ ಇನ್ನೊಂದು ಹೇಳುತ್ತದೆ. ಮುಂದಿನ ತಿಂಗಳು ಅದೇ ಗಿರಾಕಿಗೆ ಅದೇ ತಪ್ಪು ಬಿಲ್ಲು ಮತ್ತೆ ಹೋಗುತ್ತದೆ. ಪಾರ್ಟಿ ಮಾಸ್ಟರ್‌ನಲ್ಲಿ ರಾಜ್ಯ ಬದಲಿಸಿದೆವು. ಬಿಲ್ಲು ಆಗಲೇ ಗಿರಾಕಿಯ ಕೈಸೇರಿದ್ದರಿಂದ ಸುಮ್ಮನೆ ತಿದ್ದುವಂತಿರಲಿಲ್ಲ. ಸಿಎಗೆ ಫೋನ್ ಮಾಡಿ ಕೇಳಿ, ರಿಟರ್ನ್ ಇನ್ನೂ ಹೋಗಿಲ್ಲವಾದ್ದರಿಂದ ಅದೇ ನಂಬರಿನ ಬಿಲ್ಲನ್ನು ಸರಿಪಡಿಸಿ ಹೊಸ ಪ್ರತಿಯನ್ನು ಜಹೀರಾಬಾದ್‌ಗೆ ಕಳಿಸಿದೆವು. 0365ರ ತಾರೀಖನ್ನೂ ಸರಿ ಮಾಡಿದೆವು. ಆಮೇಲೆ ಫೈಲನ್ನು ಮೊದಲಿನಿಂದ ಮತ್ತೆ ತೆಗೆದು, ಎಲ್ಲ ಸೂತ್ರಗಳನ್ನೂ ಮತ್ತೊಮ್ಮೆ ಓಡಿಸಿದೆವು. ಎರಡನೇ ಸಲ ಹತ್ತು ನಿಮಿಷ ಸಾಕು.

ಕಳಿಸುವುದು

ಸಿಎಸ್‌ವಿ ಕಳಿಸಿದರೆ ಸಿಎ ಆಫೀಸಿನಲ್ಲಿ ಯಾರೋ ಡಬಲ್ ಕ್ಲಿಕ್ ಮಾಡುತ್ತಾರೆ, ಸೊನ್ನೆ ಅಲ್ಲಿ ಹಾರುತ್ತದೆ. ತಪಾಸಣೆ ಮುಗಿದ ಶೀಟನ್ನೇ `sales_jun_v2.xlsx` ಎಂಬಂತೆ ತಿಂಗಳು ಮತ್ತು ಆವೃತ್ತಿ ಹಾಕಿ ಉಳಿಸಿ. ಗಿರಾಕಿಗಳ ಪಟ್ಟಿ, ದರ ಎಲ್ಲ ಅದರಲ್ಲಿರುವುದರಿಂದ `File > Info > Protect Workbook > Encrypt with Password` ಮೂಲಕ ಪಾಸ್‌ವರ್ಡ್ ಹಾಕಿ, ಅದನ್ನು ಫೋನಿನಲ್ಲಿ ಹೇಳಿ. ಅದೇ ಮೇಲ್‌ನಲ್ಲಿ ಬರೆಯಬೇಡಿ.

ಮೇಲ್‌ನಲ್ಲಿ ಬರೆಯಬೇಕಾದದ್ದು ತಾಳೆಯ ಮೊತ್ತಗಳು. ನಾವು ಬರೆದದ್ದು: ‘ಜೂನ್, ಬಿಲ್ 0301ರಿಂದ 0418, ಒಟ್ಟು 118, ರದ್ದು 2. ತೆರಿಗೆಗೆ ಒಳಪಡುವ ಮೌಲ್ಯ 21,64,500. ಐಜಿಎಸ್‌ಟಿ 31,000. ಸಿಜಿಎಸ್‌ಟಿ 38,612.50. ಎಸ್‌ಜಿಎಸ್‌ಟಿ 38,612.50.’ ಈ ಅಂಕಿಗಳನ್ನು ಶೀಟಿನಿಂದ ತೆಗೆಯದೆ ಸಾಫ್ಟ್‌ವೇರ್‌ನ ಪರದೆ ನೋಡಿ ಬರೆಯಿರಿ. ಆಗ ಸಿಎ ತಮ್ಮಲ್ಲಿ ಕೂಡಿಸಿದ ಮೊತ್ತ ತಾಳೆಯಾದರೆ ದಾರಿಯಲ್ಲಿ ಒಂದು ಸಾಲೂ ಉದುರಿಲ್ಲ ಎಂದು ಖಾತ್ರಿ.

ಅವರ ಉತ್ತರ ಬರುವವರೆಗೆ ಕೆಲಸ ಮುಗಿದಿಲ್ಲ. 6ನೇ ತಾರೀಖು ಸಂಜೆ ನಮಗೆ ಉತ್ತರ ಬಂತು: ‘ನಾಲ್ಕೂ ಮೊತ್ತ ಕೂಡ್ಯಾವ್ರಿ. 0418ರ ನಂತರ ಜೂನ್ ತಾರೀಖಿನ ಬಿಲ್ ಇಲ್ಲಲ್ರಿ?’ ಇಲ್ಲ ಎಂದು ಬರೆದು, ಸಾಫ್ಟ್‌ವೇರ್‌ನಲ್ಲಿ ಜೂನ್ ತಿಂಗಳನ್ನು ಲಾಕ್ ಮಾಡಿದೆವು.