ಸಾಯುವ ಮುನ್ನದ ಮಾತು ಕೋರ್ಟಿನಲ್ಲಿ ನಿಲ್ಲಬೇಕಾದರೆ ಹೇಗೆ ಬರೆದುಕೊಳ್ಳಬೇಕು?

ಮುಳಬಾಗಿಲು ಕಡೆಯ ಹೆಂಗಸೊಬ್ಬಳು ಮೈಸುಟ್ಟು ಕೋಲಾರದ ಆಸ್ಪತ್ರೆ ಸೇರಿದ್ದಾಳೆ ಅಂತಿಟ್ಟುಕೊಳ್ಳಿ. ಪೊಲೀಸರ ಕೋರಿಕೆಯ ಮೇಲೆ ತಹಶೀಲ್ದಾರರು ಹೇಳಿಕೆ ಬರೆದುಕೊಳ್ಳಲು ಬಂದಿದ್ದಾರೆ. ಸತ್ತವರನ್ನು ಪಾಟಿಸವಾಲು ಮಾಡಲು ಆಗುವುದಿಲ್ಲ. ಆದರೂ ಸಾವಿನ ಕಾರಣದ ಬಗ್ಗೆ ಅವರು ಹೇಳಿದ್ದನ್ನು ಭಾರತೀಯ ಸಾಕ್ಷ್ಯ ಅಧಿನಿಯಮದ 26ನೇ ಕಲಂ ಒಪ್ಪುತ್ತದೆ. ನಂಬಿಕೆ ಬಂದರೆ ಅದೊಂದರ ಮೇಲೆಯೇ ಶಿಕ್ಷೆ ಕೊಡಬಹುದು ಎಂದು ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. ಅದಕ್ಕೇ ಬರೆದುಕೊಳ್ಳುವಾಗ ಇಷ್ಟೊಂದು ಎಚ್ಚರ.

ಮೊದಲು ನೆಂಟರನ್ನೂ ಪೊಲೀಸರನ್ನೂ ಹೊರಗೆ ಕಳಿಸಬೇಕು. ಯಾರೋ ಹೇಳಿಕೊಟ್ಟ ಮಾತು ಅನ್ನೋ ಅನುಮಾನ ಒಮ್ಮೆ ಹುಟ್ಟಿದರೆ ಹೋಗಿಸುವುದು ಕಷ್ಟ.

ಆಮೇಲೆ ವೈದ್ಯರು. ಇಲ್ಲಿ ಅವರು ತಜ್ಞರು. ಅವರ ಅಭಿಪ್ರಾಯಕ್ಕೆ ಅದೇ ಅಧಿನಿಯಮದ 39ನೇ ಕಲಂ ಜಾಗ ಕೊಟ್ಟಿದೆ. ‘ಪ್ರಜ್ಞೆ ಇದೆ’ ಎಂದಷ್ಟೇ ಬರೆದರೆ ಸಾಲದು. ಕಣ್ಣು ಬಿಟ್ಟಿರುವವರಿಗೆಲ್ಲ ಕೇಳಿದ್ದು ಅರ್ಥವಾಗುತ್ತದೆ ಅನ್ನೋ ಹಾಗಿಲ್ಲ ಅಲ್ವಾ? ‘ಹೇಳಿಕೆ ಕೊಡುವ ಸ್ಥಿತಿಯಲ್ಲಿದ್ದಾಳೆ’ ಎಂದು ಸಮಯ ಹಾಕಿ, ಶುರುವಿನಲ್ಲೂ ಕೊನೆಯಲ್ಲೂ ಬರೆಯುವುದು ಒಳ್ಳೆಯದು. ಮಂಪರು ಬರಿಸುವ ಔಷಧಿ ಕೊಟ್ಟ ಹೊತ್ತನ್ನು ಕೇಸ್ ಶೀಟಿನಲ್ಲಿ ನೋಡಿಕೊಳ್ಳಬೇಕು. ಹೇಳಿಕೆಗೆ ಹತ್ತು ನಿಮಿಷ ಮುಂಚೆ ಇಂಜೆಕ್ಷನ್ ಕೊಟ್ಟಿದ್ದರೆ ಎದುರು ವಕೀಲರು ಹಿಡಿಯುವುದೇ ಅದನ್ನು.

ಹಾಗಂತ ವೈದ್ಯರ ಚೀಟಿ ಇಲ್ಲದಿದ್ದರೆ ಹೇಳಿಕೆ ಬಿದ್ದುಹೋಗುವುದಿಲ್ಲ. ಆಕೆಯ ಮನಸ್ಸು ಸರಿಯಿತ್ತು ಎಂದು ಬರೆದುಕೊಂಡವರಿಗೆ ಖಾತ್ರಿಯಾಗಿ, ಅದನ್ನು ಕೋರ್ಟ್ ನಂಬಿದರೆ ಸಾಕು ಎಂದು 2002ರಲ್ಲಿ ಲಕ್ಷ್ಮಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿದೆ. ನನಗೆ ಇದು ಸರಿಯಾದ ತೀರ್ಪು ಅನ್ನಿಸುತ್ತದೆ. ರಾತ್ರಿ ಹೊತ್ತಿನಲ್ಲಿ ವೈದ್ಯರು ಸಿಗಲಿಲ್ಲ ಅಂತ ಸಾಯುತ್ತಿರುವವರ ಮಾತು ವ್ಯರ್ಥವಾಗಬಾರದು. ತಹಶೀಲ್ದಾರರು ಬರುವಷ್ಟು ಹೊತ್ತಿಲ್ಲದಿದ್ದರೆ ವೈದ್ಯರೇ ಬರೆದುಕೊಳ್ಳಬಹುದು, ಪೊಲೀಸರೂ ಬರೆದುಕೊಳ್ಳಬಹುದು.

ನಮ್ಮ ಕಡೆ ಜಾಸ್ತಿ ಎಡವುವುದು ಭಾಷೆಯಲ್ಲಿ. ಈಕೆಯ ಮನೆಮಾತು ತೆಲುಗು, ಬರೆಯುವುದು ಕನ್ನಡದಲ್ಲಿ. ಆಕೆ ಹೇಳಿದ್ದು ‘ಮಾ ಆಯನ ಕಿರಸನಾಯಿಲು ಪೋಶಾಡು’, ಅಂದರೆ ನನ್ನ ಗಂಡ ಸೀಮೆಎಣ್ಣೆ ಸುರಿದ, ಅಷ್ಟೇ. ಕಾಗದದಲ್ಲಿ ‘ಪತಿಯು ಕೊಲ್ಲುವ ಉದ್ದೇಶದಿಂದ ಸೀಮೆಎಣ್ಣೆ ಸುರಿದನು’ ಎಂದಿದ್ದರೆ, ಆ ಉದ್ದೇಶ ಯಾರದ್ದು, ಆಕೆಯದ್ದೋ ಬರೆದವರದ್ದೋ? ಪ್ರಶ್ನೆ-ಉತ್ತರದ ರೂಪದಲ್ಲಿ ಆಕೆಯ ಮಾತನ್ನೇ ಬರೆಯಬೇಕು. ಯಾರು ಅನುವಾದ ಮಾಡಿದರು ಎಂದು ನಮೂದಿಸಿ, ತೆಲುಗಿನಲ್ಲೇ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ಕೈ ಪೂರ್ತಿ ಸುಟ್ಟಿದ್ದರೆ ಕಾಲಿನ ಹೆಬ್ಬೆರಳಿನ ಗುರುತು ತೆಗೆದುಕೊಂಡು ಯಾಕೆಂದು ಬರೆಯಬೇಕು.

ಮುಂದೆ ಪ್ರಯೋಗಾಲಯದ ವರದಿ ಬಂದು ಸೀರೆಯಲ್ಲಿ ಸೀಮೆಎಣ್ಣೆ ಸಿಗಲಿಲ್ಲ ಅಂದರೆ? ಅದೂ ತಜ್ಞರ ಅಭಿಪ್ರಾಯವೇ. ಕೋರ್ಟ್ ಅದಕ್ಕೆ ಕಟ್ಟುಬಿದ್ದಿಲ್ಲ. ಬಟ್ಟೆಯನ್ನು ಯಾವಾಗ ವಶಕ್ಕೆ ಪಡೆದರು, ಗಾಳಿಯಾಡದಂತೆ ಕಟ್ಟಿದ್ದರಾ, ಎಣ್ಣೆ ಆವಿಯಾಗಿ ಹೋಗಿರಬಹುದಾ ಎಂದು ನೋಡುತ್ತದೆ. ಆದರೆ ಸುಟ್ಟಗಾಯವೇ ಇಲ್ಲ, ಸಾವು ವಿಷದಿಂದ ಎಂದು ಮರಣೋತ್ತರ ಪರೀಕ್ಷೆ ಹೇಳಿದರೆ ಹೇಳಿಕೆ ಅಲುಗಾಡುತ್ತದೆ.

ಆಕೆ ಬದುಕಿ ಉಳಿದರೆ ಕಥೆಯೇ ಬೇರೆ. ಆಗ ಅದು ಮರಣಪೂರ್ವ ಹೇಳಿಕೆಯಾಗಿ ಉಳಿಯುವುದಿಲ್ಲ. ಆಕೆಯೇ ಕಟಕಟೆಗೆ ಬಂದು ಹೇಳಬೇಕು. ಮುಂಚೆ ಬರೆದುಕೊಂಡ ಕಾಗದ ಆಕೆಯ ಮಾತನ್ನು ಬೆಂಬಲಿಸಲು ಅಥವಾ ತಾಳೆ ನೋಡಲು ಮಾತ್ರ ಬರುತ್ತದೆ.