ಕೆಲಸ ಬಿಡುವ ಹೋಟೆಲ್ ಸಿಬ್ಬಂದಿಯನ್ನು ಏನು ಕೇಳಬೇಕು, ಹೇಗೆ ಕೇಳಬೇಕು

ಯಾವುದೇ ಹೋಟೆಲ್‌ನ ಎಕ್ಸಿಟ್ ಇಂಟರ್‌ವ್ಯೂ ಫೈಲ್ ತೆಗೆದು ನೋಡಿ. ‘ಸ್ವಂತ ಕಾರಣ’, ‘ಅಮ್ಮನಿಗೆ ಹುಷಾರಿಲ್ಲ’, ‘ಬೇರೆ ಕಡೆ ಒಳ್ಳೆ ಅವಕಾಶ’. ಇಷ್ಟೇ ಇರುತ್ತದೆ. ಹುಡುಗರು ಸುಳ್ಳುಬುರುಕರು ಅಂತಲ್ಲ. ಕೊನೆಯ ಸಂಬಳ, ಅನುಭವ ಪತ್ರ ಎರಡೂ ಇನ್ನೂ ಕೇಳುವವರ ಕೈಯಲ್ಲೇ ಇರುವಾಗ ನಿಜ ಹೇಳಿ ವಿರೋಧ ಯಾರು ಕಟ್ಟಿಕೊಳ್ಳುತ್ತಾರೆ?

ಹಾಗಾಗಿ ಮೊದಲ ಹೆಜ್ಜೆ ಪ್ರಶ್ನೆಯಲ್ಲ, ಲೆಕ್ಕ. ಬಾಕಿ ಸಂಬಳ ಖಾತೆಗೆ ಹಾಕಿ, ಅನುಭವ ಪತ್ರ ಕೈಗೆ ಕೊಟ್ಟು, ಆಮೇಲೆ ಕೂರಿಸಿ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ, ಕೆಲಸ ಬಿಟ್ಟವರಿಗೂ ಎರಡು ಕೆಲಸದ ದಿನಗಳೊಳಗೆ ಸಂಬಳ ಚುಕ್ತಾ ಆಗಬೇಕು. ಹೇಗೂ ಕೊಡಲೇಬೇಕಾದ ದುಡ್ಡು. ಮೊದಲೇ ಕೊಟ್ಟರೆ ಮಾತು ಹೊರಬರುತ್ತದೆ.

ಎರಡನೆಯದು, ಯಾರು ಕೇಳಬೇಕು ಅನ್ನೋದು. ಅವರ ಸೂಪರ್‌ವೈಸರ್ ಅಥವಾ ಶೆಫ್ ಅಂತೂ ಬೇಡವೇ ಬೇಡ. ಎಷ್ಟೋ ಸಲ ಕಾರಣ ಅವರೇ ಆಗಿರುತ್ತಾರೆ! ಎಚ್‌ಆರ್‌ನವರು ಇಲ್ಲದ ಸಣ್ಣ ಹೋಟೆಲ್ ಆದರೆ ಬೇರೆ ವಿಭಾಗದ ಹಿರಿಯರೊಬ್ಬರು ಕೇಳಲಿ. ಮ್ಯಾನೇಜರ್ ಕ್ಯಾಬಿನ್ ಬೇಡ. ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ಖಾಲಿ ಟೇಬಲ್ ಒಂದರಲ್ಲಿ ಟೀ ಇಟ್ಟುಕೊಂಡು ಕೂತರೆ ಸಾಕು. ಒಡಿಶಾ, ಅಸ್ಸಾಂ ಕಡೆಯ ಹುಡುಗರಾದರೆ ಹಿಂದಿಯಲ್ಲೋ ಅವರ ಭಾಷೆಯಲ್ಲೋ ಮಾತಾಡಿ. ಆದರೆ ಅವರ ರೂಮ್‌ಮೇಟ್‌ನನ್ನು ದುಭಾಷಿ ಮಾಡಬೇಡಿ. ಸಂಜೆಯೊಳಗೆ ಎಲ್ಲಾ ಕ್ವಾರ್ಟರ್ಸ್‌ಗೆ ಗೊತ್ತಾಗಿರುತ್ತದೆ.

ಇನ್ನು ಪ್ರಶ್ನೆಗಳು. ಇಲ್ಲೇ ನಿಜವಾದ ಕೆಲಸ ಇರೋದು. ‘ಯಾಕೆ ಬಿಡ್ತಿದ್ದೀರಿ?’ ಎಂದರೆ ಉತ್ತರ ಆಗಲೇ ತಯಾರಿರುತ್ತದೆ. ಅದರ ಬದಲು ಹೀಗೆ ಕೇಳಿ: ‘ಈ ಕೆಲಸ ಸಾಕಪ್ಪಾ ಅಂತ ಮೊದಲ ಸಲ ಅನ್ನಿಸಿದ್ದು ಯಾವಾಗ? ಅವತ್ತು ಏನಾಗಿತ್ತು?’ ಅಭಿಪ್ರಾಯ ಹೇಳೋಕೆ ಜನ ಹೆದರುತ್ತಾರೆ. ನಡೆದದ್ದು ಹೇಳೋಕೆ ಅಷ್ಟು ಹೆದರೋದಿಲ್ಲ.

ಒಂದು ಉದಾಹರಣೆ ನೋಡೋಣ. ಹೌಸ್‌ಕೀಪಿಂಗ್ ಹುಡುಗನೊಬ್ಬ ‘ಅಣ್ಣನ ಅಂಗಡಿ ನೋಡ್ಕೋಬೇಕು’ ಎಂದು ಹೊರಟಿದ್ದಾನೆ. ಮೊದಲ ಸಲ ಯಾವಾಗ ಅನ್ನಿಸಿತು ಎಂದರೆ, ‘ಮದುವೆ ಸೀಸನ್‌ನಲ್ಲಿ’ ಅಂತಾನೆ. ಅವತ್ತು? ‘ಬಾತ್ ಟವೆಲ್ ಕಮ್ಮಿ ಬಂತು, ಸಂಬಳದಲ್ಲಿ ಹಿಡಿದರು.’ ಇಲ್ಲಿ ‘ಅಯ್ಯೋ, ಹಾಗೆ ಮಾಡಬಾರದಿತ್ತು’ ಅನ್ನಬೇಡಿ, ಸೂಪರ್‌ವೈಸರ್ ಪರವೂ ವಹಿಸಬೇಡಿ. ‘ಟವೆಲ್ ಹೇಗೆ ಕಮ್ಮಿ ಆಯ್ತು?’ ಅಂತಷ್ಟೇ ಕೇಳಿ. ಲಾಂಡ್ರಿಯಿಂದ ಬರೋದು ತಡವಾಗುತ್ತಿತ್ತು, ಪಕ್ಕದ ಫ್ಲೋರ್‌ನಿಂದ ಎತ್ಕೊಂಡು ಬಂದು ರೂಮ್ ಮುಗಿಸುತ್ತಿದ್ದೆವು, ರಿಜಿಸ್ಟರ್‌ನಲ್ಲಿ ಬರೆಯೋಕೆ ಪುರಸೊತ್ತು ಎಲ್ಲಿ ಎನ್ನುತ್ತಾನೆ. ಈಗ ವಿಷಯ ಅಂಗಡಿಯದೂ ಅಲ್ಲ, ಸಂಬಳದ್ದೂ ಅಲ್ಲ. ರೂಮಿನಲ್ಲೊಂದು, ಲಾಂಡ್ರಿಯಲ್ಲೊಂದು, ಕಪಾಟಿನಲ್ಲೊಂದು ಅಂತ ಕನಿಷ್ಠ ಮೂರು ಸೆಟ್ ಇರಬೇಕಾದ ಕಡೆ ಎರಡೇ ಓಡುತ್ತಿವೆ. ಇನ್ನೊಬ್ಬ ಹುಡುಗನನ್ನು ತಂದರೂ ಮುಂದಿನ ಸೀಸನ್‌ಗೆ ಅವನೂ ಹೋಗುತ್ತಾನೆ.

ಹೌದು-ಇಲ್ಲ ಅಂತ ಮುಗಿಯುವ ಪ್ರಶ್ನೆಗಳನ್ನೂ ಇದೇ ರೀತಿ ತಿರುಗಿಸಿ. ‘ವೀಕ್ ಆಫ್ ಸರಿಯಾಗಿ ಸಿಗ್ತಿತ್ತಾ?’ ಬದಲು ‘ಕೊನೆಯ ಸಲ ವೀಕ್ ಆಫ್ ತಗೊಂಡಿದ್ದು ಯಾವತ್ತು?’ ‘ಟಿಪ್ಸ್ ಸರಿಯಾಗಿ ಹಂಚ್ತಾರಾ?’ ಬದಲು ‘ಟೇಬಲ್ ಮೇಲೆ ನೂರು ರೂಪಾಯಿ ಟಿಪ್ಸ್ ಬಂದರೆ ಅದು ಎಲ್ಲೆಲ್ಲಿ ಹೋಗುತ್ತೆ, ಹೇಳಿ ನೋಡೋಣ.’ ಬ್ರೇಕ್ ಶಿಫ್ಟ್ ಇದ್ದವರನ್ನು ‘ಮಧ್ಯಾಹ್ನದ ಬಿಡುವಿನಲ್ಲಿ ಎಲ್ಲಿ ಮಲಗ್ತಿದ್ರಿ?’ ಎಂದು ಕೇಳಿ. ಕೆಲಸದ ಅವಧಿ ಬಗ್ಗೆ ನೇರವಾಗಿ ಕೇಳಿದರೆ ಸಿಗದ್ದು ಇಲ್ಲಿ ಸಿಗುತ್ತದೆ.

ಯಾರ ಮೇಲೂ ದೂರು ಹೇಳೋಕೆ ಇಷ್ಟವಿಲ್ಲದವರಿಗೆ ನನಗೆ ಇಷ್ಟವಾದ ಪ್ರಶ್ನೆ ಒಂದಿದೆ: ‘ನಿಮ್ಮ ತಮ್ಮನೋ ತಂಗಿಯೋ ಇಲ್ಲಿ ಸೇರ್ತೀನಿ ಅಂದರೆ ಯಾವ ವಿಭಾಗ ಬೇಡ ಅಂತೀರಿ?’ ಹೆಸರು ಹೇಳದೆಯೇ ವಿಭಾಗ ಹೇಳಿಬಿಡುತ್ತಾರೆ.

‘ಯಾರಿಗೂ ಹೇಳಲ್ಲ’ ಎಂಬ ಮಾತು ಮಾತ್ರ ಕೊಡಬೇಡಿ. ‘ನಿಮ್ಮ ಹೆಸರಿಲ್ಲದೆ ವಿಷಯ ಮೇಲೆ ಹೇಳ್ತೀನಿ. ಯಾರಿಗಾದರೂ ಅಪಾಯ ಇದ್ದರೆ ಸುಮ್ಮನಿರೋಕಾಗಲ್ಲ’ ಎಂದು ಶುರುವಿನಲ್ಲೇ ಹೇಳಿ. ಹೆಣ್ಣುಮಗಳೊಬ್ಬರು ಲೈಂಗಿಕ ಕಿರುಕುಳದ ಸುಳಿವು ಕೊಟ್ಟರೆ ನೀವೇ ವಿಚಾರಣೆಗೆ ಇಳಿಯಬೇಡಿ. 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಕೆಲಸ ಬಿಟ್ಟ ಮೇಲೂ ದೂರು ಕೊಡಬಹುದು, ಆದರೆ ಸಾಮಾನ್ಯವಾಗಿ ಘಟನೆಯಾದ ಮೂರು ತಿಂಗಳೊಳಗೆ ಕೊಡಬೇಕು ಎಂದು ತಿಳಿಸಿ.

ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ‘ಲಿನನ್ ಸಮಸ್ಯೆ’ ಎಂದು ಚುಟುಕು ಮಾಡಿದರೆ ವಿಷಯವೇ ಕಳೆದುಹೋಗುತ್ತದೆ. ಕೇಳಿದ ಮರುದಿನವೇ ಆ ಸೂಪರ್‌ವೈಸರ್‌ಗೆ ಹೇಳಿದರೆ ಯಾರು ಹೇಳಿದ್ದು ಎಂದು ಎಲ್ಲರಿಗೂ ಗೊತ್ತಾಗುತ್ತದೆ, ಅಲ್ವಾ? ಅಪಾಯದ ವಿಷಯ ಅಲ್ಲದಿದ್ದರೆ, ಇನ್ನೂ ಕೆಲವರು ಬಿಟ್ಟು ಹೋಗುವವರೆಗೆ ಕಾದು, ಎಲ್ಲರ ಮಾತನ್ನೂ ಒಟ್ಟಿಗೆ ಮುಂದಿಡಿ. ಒಂದು ತಿಂಗಳ ನಂತರ ಫೋನ್ ಮಾಡಿ ‘ಅವತ್ತು ಹೇಳೋದು ಏನಾದರೂ ಬಿಟ್ಟುಹೋಗಿತ್ತಾ?’ ಎಂದು ಕೇಳಿ. ಹೊಸ ಕೆಲಸ ಸಿಕ್ಕಿ, ಹಳೆಯ ಕಡೆಯಿಂದ ಏನೂ ಬೇಕಿಲ್ಲ ಅನ್ನುವಾಗ ಬರುವ ಉತ್ತರವನ್ನು ಮೊದಲಿನದರ ಪಕ್ಕದಲ್ಲೇ ಬರೆದಿಡಿ.